ಆಂಬುಲೆನ್ಸ್ ಬರುವ ಮುನ್ನ

2023ರ ಜುಲೈ 20. ನಡುರಾತ್ರಿ ದಾಟಿ ಒಂದು ಗಂಟೆಯ ಸುಮಾರು. ಅಹಮದಾಬಾದಿನ ಇಸ್ಕಾನ್ ಮೇಲ್ಸೇತುವೆಯ ಮೇಲೆ ಥಾರ್ ಜೀಪೊಂದು ಡಂಪರಿಗೆ ಗುದ್ದಿತ್ತು. ಏನಾಯಿತೆಂದು ನೋಡಲು, ಕೈಲಾದ ನೆರವು ಕೊಡಲು ಜನ ಸೇರಿದರು. ಪೊಲೀಸ್ ಕಾನ್‌ಸ್ಟೆಬಲ್ ಮತ್ತು ಹೋಂಗಾರ್ಡ್ ಕೂಡ ಅಲ್ಲಿದ್ದರು. ಅಷ್ಟರಲ್ಲಿ ಅತಿವೇಗದಲ್ಲಿ ಬಂದ ಐಷಾರಾಮಿ ಕಾರೊಂದು ಸೀದಾ ಆ ಗುಂಪಿನ ಮೇಲೆ ನುಗ್ಗಿತು. ಒಂಬತ್ತು ಜನ ಸತ್ತರು. ಆ ಕಾನ್‌ಸ್ಟೆಬಲ್ ಮತ್ತು ಹೋಂಗಾರ್ಡ್ ಕೂಡ ಅವರಲ್ಲಿದ್ದರು.

ತಪ್ಪು ಆ ಕಾರು ಓಡಿಸಿದವನದು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆ ಅಪಘಾತದ ಬಗ್ಗೆ ಜನಸಾಮಾನ್ಯರು ತಿಳಿಯಬೇಕಾದ ಮೊದಲ ಸಂಗತಿಯೂ ಅಲ್ಲೇ ಇದೆ. ಅಪಘಾತವಾದ ಜಾಗದಲ್ಲಿ ಎರಡನೇ ಅಪಘಾತ ಆಗುವ ಸಾಧ್ಯತೆ ತೀರಾ ಹೆಚ್ಚು, ಅದಕ್ಕೆ ಬಲಿಯಾಗುವವರು ಹೆಚ್ಚಾಗಿ ಸಹಾಯಕ್ಕೆ ಬಂದವರು. ನಮ್ಮ ಜನರಿಗೆ ಓಡಿಬರುವ ಮನಸ್ಸಿದೆ. ಬಿದ್ದವರನ್ನು ಎತ್ತಿ ಕೂರಿಸುತ್ತಾರೆ, ನೀರು ಕುಡಿಸುತ್ತಾರೆ, ಸಿಕ್ಕ ಆಟೊದಲ್ಲಿ ತುಂಬಿ ಕಳಿಸುತ್ತಾರೆ. ಮನಸ್ಸು ಒಳ್ಳೆಯದೇ, ಆದರೆ ಇವುಗಳಲ್ಲಿ ಒಂದೊಂದೂ ಗಾಯಾಳುವಿಗೆ ಕೆಡುಕು ಮಾಡಬಲ್ಲದು. ಆಂಬುಲೆನ್ಸ್ ಬರುವ ಮುಂಚಿನ ಹತ್ತು ಹದಿನೈದು ನಿಮಿಷ ಅಲ್ಲಿರುವವರ ಕೈಯಲ್ಲಿ ಇರುತ್ತದೆ. ಆ ಹೊತ್ತಿನಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ತಿಳಿಯಲು ಒಂದು ಸನ್ನಿವೇಶ ಇಟ್ಟುಕೊಳ್ಳೋಣ. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48, ಸಂಜೆ ಏಳು ಗಂಟೆ, ಕತ್ತಲು ಇಳಿಯುತ್ತಿದೆ. ಹಳ್ಳಿಯ ಕಡೆಯಿಂದ ಬಂದ ಬೈಕೊಂದು ಡಿವೈಡರ್ ತೆರಪಿನಲ್ಲಿ ರಸ್ತೆ ದಾಟುವಾಗ ಕಾರು ಅದರ ಹಿಂದಿನ ಚಕ್ರಕ್ಕೆ ಹೊಡೆಯಿತು. ಹೆಲ್ಮೆಟ್ ಹಾಕಿದ್ದ ಸವಾರ ರಸ್ತೆಯ ಮಧ್ಯೆ ಅಲುಗಾಡದೆ ಬಿದ್ದಿದ್ದಾನೆ. ಹಿಂದೆ ಕೂತಿದ್ದ ಅವನ ಹೆಂಡತಿ ಡಿವೈಡರ್ ಪಕ್ಕ ಬಿದ್ದು ಜೋರಾಗಿ ಕೂಗುತ್ತಿದ್ದಾಳೆ, ತೊಡೆ ಸೀಳಿ ರಕ್ತ ಹರಿಯುತ್ತಿದೆ. ಕಾರಿನ ಚಾಲಕನಿಗೆ ಏರ್‌ಬ್ಯಾಗ್ ಬಿಚ್ಚಿಕೊಂಡು ತಲೆ ಸುತ್ತುತ್ತಿದೆ, ಅಷ್ಟೇ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಅವನ ತಾಯಿ ಮುಂದಿನ ಸೀಟಿಗೆ ಬಡಿದು, ಹೊಟ್ಟೆ ಹಿಡಿದುಕೊಂಡು ಸುಮ್ಮನೆ ಕೂತಿದ್ದಾರೆ. ಒಬ್ಬ ಲಾರಿ ಚಾಲಕ ಗಾಡಿ ನಿಲ್ಲಿಸಿ ಇಳಿದಿದ್ದಾನೆ, ರಸ್ತೆಬದಿಯ ಅಂಗಡಿಯಿಂದ ಇಬ್ಬರು ಹುಡುಗರು ಓಡಿಬಂದಿದ್ದಾರೆ, ಇನ್ನೊಂದು ಕಾರಿನಿಂದ ಒಬ್ಬ ಮಹಿಳೆ ಇಳಿದಿದ್ದಾರೆ. ನಾಲ್ಕು ಜನ ಸಹಾಯಕರು, ಮೂವರು ಗಾಯಾಳುಗಳು.

ಈ ನಾಲ್ವರೂ ಒಟ್ಟಿಗೆ ಬಿದ್ದವನ ಕಡೆ ಓಡಿದರೆ ಅಹಮದಾಬಾದಿನಲ್ಲಾದದ್ದೇ ಇಲ್ಲೂ ಆಗಬಹುದು. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ಕಂಡು, ಗ್ರಹಿಸಿ, ಬ್ರೇಕ್ ತುಳಿಯಲು ಒಂದೂವರೆ ಸೆಕೆಂಡ್ ಹಿಡಿದರೂ ಮೂವತ್ತು ಮೀಟರ್ ದಾಟಿರುತ್ತಾನೆ, ನಿಲ್ಲಲು ಇನ್ನೊಂದು ನಲವತ್ತು ಮೀಟರ್ ಬೇಕು. ನೂರರ ವೇಗದಲ್ಲಿ ಇವೆಲ್ಲ ಸೇರಿ ಹತ್ತಿರ ಹತ್ತಿರ ನೂರು ಮೀಟರ್ ಆಗುತ್ತದೆ. ಲೋಡಾದ ಲಾರಿಗೆ, ಮಳೆಗೆ ನೆನೆದ ರಸ್ತೆಗೆ ಅದಕ್ಕಿಂತ ಹೆಚ್ಚು. ಹಾಗಾಗಿ ಹೆದ್ದಾರಿಯಲ್ಲಿ ಎಚ್ಚರಿಕೆಯ ಗುರುತು ಅಪಘಾತದ ಜಾಗಕ್ಕಿಂತ ಕನಿಷ್ಠ ನೂರು ಮೀಟರ್ ಹಿಂದೆ, ಅಂದರೆ ಉದ್ದುದ್ದ ಹೆಜ್ಜೆಯಲ್ಲಿ ನೂರೈವತ್ತು ಹೆಜ್ಜೆ ಹಿಂದೆ ಇರಬೇಕು. ಊರೊಳಗೆ ಐವತ್ತು ಮೀಟರ್ ಸಾಕು. ತಿರುವಿನ ಆಚೆ ಅಪಘಾತವಾಗಿದ್ದರೆ ಗುರುತು ತಿರುವಿಗಿಂತ ಮೊದಲೇ ಕಾಣಬೇಕು. ಗಾಡಿಯ ಹಿಂದೆ ಹತ್ತು ಹೆಜ್ಜೆಗೆ ಇಟ್ಟ ತ್ರಿಕೋನದಿಂದ ಉಪಯೋಗವಿಲ್ಲ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕ್ ಹಾಕುವ ಸಮಯ ಮುಗಿದಿರುತ್ತದೆ.

ನಮ್ಮ ಸನ್ನಿವೇಶದಲ್ಲಿ ಈ ಕೆಲಸ ಲಾರಿ ಚಾಲಕನದು. ಅವನು ತನ್ನ ಲಾರಿಯನ್ನು ಅಪಘಾತದ ಜಾಗಕ್ಕಿಂತ ಸಾಕಷ್ಟು ಹಿಂದೆ ನಿಲ್ಲಿಸಿ ನಾಲ್ಕೂ ಇಂಡಿಕೇಟರ್ ಹಾಕಿದರೆ ಗಾಯಾಳುಗಳಿಗೆ ಅದೇ ದೊಡ್ಡ ರಕ್ಷಣೆ. ಆಮೇಲೆ ಕಾರಿನ ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನ ತೆಗೆದುಕೊಂಡು, ಬರುವ ವಾಹನಗಳಿಗೆ ಮುಖ ಮಾಡಿ, ರಸ್ತೆಯ ಅಂಚಿನ ಆಚೆ ನಡೆದು ಅದನ್ನು ಇಟ್ಟು ಬರಬೇಕು. ತ್ರಿಕೋನ ಸಿಗದಿದ್ದರೆ ಹುಡುಗರಲ್ಲೊಬ್ಬ ಮೊಬೈಲ್ ಟಾರ್ಚ್ ಹಿಡಿದು, ಬಿಳಿ ಬಟ್ಟೆ ಬೀಸುತ್ತಾ ರಸ್ತೆಯ ಬದಿಯಲ್ಲಿ ನಿಲ್ಲಲಿ, ನಡುರಸ್ತೆಗೆ ಮಾತ್ರ ಇಳಿಯುವುದು ಬೇಡ. ನಮ್ಮಲ್ಲಿ ಮರದ ಕೊಂಬೆ ಮುರಿದು, ಕಲ್ಲು ಜೋಡಿಸಿ ರಸ್ತೆಗೆ ಅಡ್ಡ ಇಡುವ ರೂಢಿ ಇದೆ. ಬೇರೆ ಏನೂ ಸಿಗದಾಗ ಕೊಂಬೆ ಸರಿ. ಕಲ್ಲು ಬೇಡವೇ ಬೇಡ. ಗಾಡಿಗಳನ್ನು ತೆರವು ಮಾಡಿಕೊಂಡು ಎಲ್ಲರೂ ಹೋದ ಮೇಲೂ ಆ ಕಲ್ಲುಗಳು ರಸ್ತೆಯಲ್ಲೇ ಉಳಿದು, ರಾತ್ರಿ ಯಾವನೋ ಬೈಕ್ ಸವಾರನನ್ನು ಬೀಳಿಸುತ್ತವೆ.

ಜೊತೆಗೆ ಇನ್ನೊಂದು ಸಣ್ಣ ಕೆಲಸ. ಗುದ್ದಿದ ಕಾರು ಮತ್ತು ಬೈಕ್ ಎರಡರ ಕೀಲಿಯನ್ನೂ ಆಫ್ ಮಾಡಬೇಕು, ಕಾರಿನ ಹ್ಯಾಂಡ್‌ಬ್ರೇಕ್ ಎಳೆಯಬೇಕು. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಹತ್ತಿರ ಬೀಡಿ ಸಿಗರೇಟು ಹಚ್ಚದಂತೆ ನೋಡಿಕೊಳ್ಳಬೇಕು. ಎಲೆಕ್ಟ್ರಿಕ್ ಕಾರಾಗಿದ್ದರೆ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಯಾರೂ ಮುಟ್ಟಬಾರದು, ಅದರಲ್ಲಿ ಹರಿಯುವುದು ಜೀವ ತೆಗೆಯುವಷ್ಟು ವೋಲ್ಟೇಜ್.

ಅಷ್ಟರಲ್ಲಿ ಇನ್ನೊಬ್ಬರು ಫೋನಿನಲ್ಲಿ ಇರಬೇಕು. ‘ಯಾರಾದರೂ ಆಂಬುಲೆನ್ಸಿಗೆ ಫೋನ್ ಮಾಡ್ರಪ್ಪಾ’ ಎಂದು ಗುಂಪಿಗೆ ಕೂಗಿದರೆ ಇನ್ನೊಬ್ಬರು ಮಾಡಿರುತ್ತಾರೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ‘ನೀಲಿ ಅಂಗಿಯವರೇ, ನೀವು 108ಕ್ಕೆ ಮಾಡಿ, ಮಾಡಿ ನನಗೆ ಹೇಳಿ’ ಎಂದು ಒಬ್ಬರನ್ನೇ ಗುರುತಿಸಿ ಹೇಳಬೇಕು. ಕರ್ನಾಟಕದಲ್ಲಿ 108 ಆರೋಗ್ಯ ಕವಚ ಆಂಬುಲೆನ್ಸ್ 2008ರ ನವೆಂಬರ್ 1ರಿಂದ ಓಡುತ್ತಿದೆ. 112ಕ್ಕೆ ಕರೆ ಮಾಡಿದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಸುದ್ದಿ ಮುಟ್ಟಿಸಬಹುದು. ಯಾರಾದರೂ ಗಾಡಿಯೊಳಗೆ ಸಿಕ್ಕಿಕೊಂಡಿದ್ದರೆ ಅಥವಾ ಹೊಗೆ ಕಂಡರೆ ಇದೇ ಸರಿಯಾದ ನಂಬರು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಎಂಬ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿಯೂ ಇದೆ. ಟೋಲ್ ರಸ್ತೆಗಳಲ್ಲಿ ಅದರ ಆಂಬುಲೆನ್ಸ್ ಮತ್ತು ಕ್ರೇನ್ ಹತ್ತಿರದಲ್ಲೇ ಇರುವ ಸಾಧ್ಯತೆ ಹೆಚ್ಚು.

ಈ ಕರೆಗಳು ಹೆಚ್ಚಾಗಿ ದಾರಿ ತಪ್ಪುವುದು ಜಾಗ ಹೇಳುವಲ್ಲಿ. ‘ಶಿರಾ ರೋಡು, ಢಾಬಾ ಹತ್ರ’ ಎಂದರೆ ಆ ರಸ್ತೆಯ ಉದ್ದಕ್ಕೂ ಢಾಬಾಗಳೇ. ಮೇಲುಗಡೆ ಹಳದಿ ಬಣ್ಣ ಇರುವ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ಇರುವುದು ರಾಜ್ಯ ಹೆದ್ದಾರಿಯದು. ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಪುಟ್ಟ ಕಲ್ಲೂ ಇರುತ್ತದೆ. ಹತ್ತಿರದ ಕಲ್ಲಿನ ಮೇಲಿನ ಅಂಕಿ, ಹೆದ್ದಾರಿಯ ನಂಬರು, ಜೊತೆಗೆ ಯಾವ ಕಡೆಗೆ ಹೋಗುವ ರಸ್ತೆ ಎಂಬುದು, ಈ ಮೂರನ್ನು ಹೇಳಿದರೆ ಸಾಕು. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಡಿವೈಡರಿನ ಆಚೆ ಬದಿಗೆ ಬಂದ ಆಂಬುಲೆನ್ಸ್ ಕಣ್ಣೆದುರೇ ದಾಟಿ ಮುಂದೆ ಹೋಗಿ ತಿರುಗಿಸಿಕೊಂಡು ಬರಬೇಕಾಗುತ್ತದೆ. ಆಮೇಲೆ ಎಷ್ಟು ಜನರಿಗೆ ಗಾಯ, ಪ್ರಜ್ಞೆ ಇಲ್ಲದವರು ಎಷ್ಟು ಮಂದಿ, ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ ಎಂದು ಹೇಳಿ, ಆ ಕಡೆಯವರು ಸಾಕು ಎನ್ನುವ ತನಕ ಫೋನ್ ಇಡಬಾರದು. ಮೂವರಿಗೆ ಪೆಟ್ಟಾಗಿದೆ ಎಂದು ಹೇಳದಿದ್ದರೆ ಬರುವುದು ಒಂದೇ ಆಂಬುಲೆನ್ಸ್.

ಈಗ ಗಾಯಾಳುಗಳು. ಕೂಗುತ್ತಿರುವವರ ಕಡೆಗೆ ಕಾಲು ತಾನಾಗಿ ಓಡುತ್ತದೆ. ಆದರೆ ಕೂಗಲು ಆಗುತ್ತಿದೆ ಎಂದರೆ ಅವರ ಉಸಿರು ಆಡುತ್ತಿದೆ ಎಂದೇ ಅರ್ಥ. ಅಲುಗಾಡದವರನ್ನು, ಮಾತಾಡದವರನ್ನು ಮೊದಲು ನೋಡಬೇಕು. ಇದಕ್ಕೆ ಒಂದೇ ಒಂದು ವಿನಾಯಿತಿ ಇದೆ. ರಕ್ತ ಧಾರೆಯಾಗಿ ಚಿಮ್ಮುತ್ತಿದ್ದರೆ ಅಥವಾ ಬಟ್ಟೆ ನೆನೆದು ನೆಲದ ಮೇಲೆ ಹರಡುತ್ತಿದ್ದರೆ ಅದನ್ನು ಆ ಕ್ಷಣವೇ ತಡೆಯಬೇಕು. ವಯಸ್ಕರ ಮೈಯಲ್ಲಿರುವುದು ಸುಮಾರು ಐದು ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಇಲ್ಲಿ ನಾಲ್ಕು ಜನ ಇರುವುದರಿಂದ ಎರಡೂ ಕೆಲಸ ಒಟ್ಟಿಗೆ ಆಗಬಹುದು. ಕಾರಿನಿಂದ ಇಳಿದ ಮಹಿಳೆ ಬೈಕಿನ ಹೆಣ್ಣುಮಗಳ ಬಳಿ, ಅಂಗಡಿ ಹುಡುಗ ಅಲುಗಾಡದ ಸವಾರನ ಬಳಿ.

ರಕ್ತ ನಿಲ್ಲಿಸಲು ಬೇಕಾದದ್ದು ಒಂದು ಬಟ್ಟೆ ಮತ್ತು ಒತ್ತಡ. ವೇಲು, ಟವೆಲ್, ಪಂಚೆ, ಯಾವುದಾದರೂ ಸರಿ. ಅದನ್ನು ದಪ್ಪಗೆ ಮಡಚಿ ಗಾಯದ ಮೇಲಿಟ್ಟು ಎರಡೂ ಅಂಗೈಯಿಂದ, ಮೈಭಾರ ಬಿಟ್ಟು ಒತ್ತಬೇಕು. ಒತ್ತಿದ ಕೈಯನ್ನು ಹತ್ತು ನಿಮಿಷ ತೆಗೆಯಬಾರದು. ನಿಂತಿತೇ ಎಂದು ನಡುನಡುವೆ ಬಟ್ಟೆ ಎತ್ತಿ ನೋಡುವ ಆಸೆಯನ್ನು ತಡೆಯಬೇಕು, ಏಕೆಂದರೆ ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ರಕ್ತ ಬಟ್ಟೆಯ ಜೊತೆಗೇ ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಟ್ಟು ಮತ್ತಷ್ಟು ಬಿಗಿಯಾಗಿ ಒತ್ತಬೇಕು. ಗಾಜಿನ ಚೂರೋ ಕಬ್ಬಿಣದ ಸರಳೋ ಮೈಯಲ್ಲಿ ನಾಟಿಕೊಂಡಿದ್ದರೆ ಅದನ್ನು ಕೀಳಬಾರದು. ಒಳಗೆ ರಕ್ತ ಹರಿಯದಂತೆ ಅದೇ ತಡೆದು ಹಿಡಿದಿರಬಹುದು, ಅದನ್ನು ಬಿಟ್ಟು ಸುತ್ತಲೂ ಒತ್ತಬೇಕು. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡರೆ ಸಹಾಯ ಮಾಡುವವರಿಗೂ ರಕ್ಷಣೆ.

ಎಷ್ಟು ಒತ್ತಿದರೂ ಕೈಕಾಲಿನ ರಕ್ತ ನಿಲ್ಲದೆ ಚಿಮ್ಮುತ್ತಲೇ ಇದ್ದರೆ ಮಾತ್ರ ಗಾಯದ ಮೇಲ್ಭಾಗದಲ್ಲಿ ಕಟ್ಟು ಹಾಕಬೇಕು. ಗಾಯಕ್ಕಿಂತ ಮೂರು ನಾಲ್ಕು ಬೆರಳಗಲ ಮೇಲೆ, ಕೀಲನ್ನು ಬಿಟ್ಟು, ಮೂರು ಬೆರಳಗಲದ ಬಟ್ಟೆ ಸುತ್ತಿ ಗಂಟು ಹಾಕಿ, ಗಂಟಿನಲ್ಲಿ ಗಟ್ಟಿ ಕೋಲು ತೂರಿಸಿ ರಕ್ತ ನಿಲ್ಲುವವರೆಗೆ ತಿರುಚಬೇಕು. ದಾರ, ತಂತಿ, ಚಪ್ಪಲಿಯ ಪಟ್ಟಿ ಆಗುವುದಿಲ್ಲ, ಅವು ಚರ್ಮವನ್ನು ಕತ್ತರಿಸುತ್ತವೆ. ಅರೆಬಿಗಿ ಕಟ್ಟು ಕಟ್ಟದೇ ಇರುವುದಕ್ಕಿಂತ ಕೆಟ್ಟದ್ದು. ಕಟ್ಟಿದ ಗಂಟೆಯನ್ನು ಗಾಯಾಳುವಿನ ಹಣೆಯ ಮೇಲೋ ಕೈಯ ಮೇಲೋ ಪೆನ್ನಿನಲ್ಲಿ ಬರೆದು, ವೈದ್ಯರು ನೋಡುವವರೆಗೆ ಬಿಚ್ಚದೆ ಬಿಡಬೇಕು.

ಅಲುಗಾಡದೆ ಬಿದ್ದ ಸವಾರನ ವಿಷಯಕ್ಕೆ ಬರೋಣ. ಹುಡುಗ ಅವನ ಭುಜ ಹಿಡಿದು ಅಲ್ಲಾಡಿಸಬಾರದು. ಕಿವಿಯ ಹತ್ತಿರ ಬಾಗಿ ‘ಅಣ್ಣಾ, ಕೇಳಿಸ್ತಿದ್ಯಾ? ಕಣ್ಣು ಬಿಡಿ’ ಎಂದು ಜೋರಾಗಿ ಕೇಳಬೇಕು. ಉತ್ತರ ಬರದಿದ್ದರೆ ಹೆಲ್ಮೆಟ್ಟಿನ ಗಾಜು ಎತ್ತಿ, ಹತ್ತು ಸೆಕೆಂಡ್ ಎದೆ ಏರಿಳಿಯುವುದನ್ನು ನೋಡುತ್ತಾ, ಮೂಗಿನ ಬಳಿ ಕೆನ್ನೆ ಇಟ್ಟು ಉಸಿರು ತಾಕುತ್ತದೆಯೇ ಎಂದು ಗಮನಿಸಬೇಕು. ಉಸಿರು ಸರಾಗವಾಗಿದ್ದರೆ ಹೆಲ್ಮೆಟ್ ತೆಗೆಯುವ ಅಗತ್ಯವಿಲ್ಲ. ಕತ್ತಿನ ಮೂಳೆ ಮುರಿದಿದ್ದರೆ, ಹೆಲ್ಮೆಟ್ ಎಳೆಯುವ ಆ ಒಂದು ಜಗ್ಗಾಟದಲ್ಲಿ ಒಳಗಿನ ನರಹುರಿಗೆ ಪೆಟ್ಟಾಗಿ, ಬದುಕಿದರೂ ಕೈಕಾಲು ಜೀವನಪೂರ್ತಿ ಆಡದೆ ಹೋಗಬಹುದು. ತಲೆಯ ಎರಡೂ ಬದಿ ಕೈಯಿಟ್ಟು, ಅದು ಅತ್ತಿತ್ತ ಹೊರಳದಂತೆ ಹಿಡಿದು ಕೂತರೆ ಅದೇ ದೊಡ್ಡ ಚಿಕಿತ್ಸೆ.

ಉಸಿರು ಗೊರಗೊರ ಎನ್ನುತ್ತಿದ್ದರೆ ನಾಲಿಗೆ ಹಿಂದಕ್ಕೆ ಬಿದ್ದು ದಾರಿ ಕಟ್ಟಿದೆ ಎಂದು ತಿಳಿಯಬೇಕು. ಕಿವಿಯ ಕೆಳಗೆ ದವಡೆಯ ಮೂಲೆಗೆ ಬೆರಳಿಟ್ಟು, ಕತ್ತನ್ನು ಬಗ್ಗಿಸದೆ ದವಡೆಯನ್ನಷ್ಟೇ ಮುಂದಕ್ಕೆ ಒತ್ತಿದರೆ ದಾರಿ ತೆರೆಯುತ್ತದೆ. ವಾಂತಿಯೋ ರಕ್ತವೋ ಬಾಯಲ್ಲಿ ತುಂಬಿದರೆ ಮೂರು ನಾಲ್ಕು ಜನ ಸೇರಿ, ತಲೆ, ಭುಜ, ಸೊಂಟ ಮೂರೂ ಒಟ್ಟಿಗೆ ತಿರುಗುವಂತೆ ಇಡೀ ಮೈಯನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ಕತ್ತಿಗೆ ಪೆಟ್ಟಾಗಿರಬಹುದೆಂಬ ಭಯದಲ್ಲಿ ಅಂಗಾತ ಬಿಟ್ಟರೆ ಉಸಿರುಕಟ್ಟಿ ಸಾಯುತ್ತಾನೆ. ಕತ್ತು ಮತ್ತು ಉಸಿರಿನ ನಡುವೆ ಆಯ್ಕೆ ಬಂದರೆ ಉಸಿರೇ ಮೊದಲು.

ಉಸಿರೇ ಇಲ್ಲದಿದ್ದರೆ, ಅಥವಾ ಮೀನು ಬಾಯಿ ಬಿಟ್ಟಂತೆ ಆಗೊಮ್ಮೆ ಈಗೊಮ್ಮೆ ಏದುಸಿರು ಮಾತ್ರ ಬರುತ್ತಿದ್ದರೆ, ಆಗ ಹೆಲ್ಮೆಟ್ ತೆಗೆಯಲೇಬೇಕು. ಅದಕ್ಕೆ ಇಬ್ಬರು ಬೇಕು. ಪಟ್ಟಿ ಬಿಚ್ಚಿದ ಮೇಲೆ ಒಬ್ಬರು ಕೆಳಗಿನಿಂದ ಕತ್ತು ಮತ್ತು ದವಡೆಯನ್ನು ಗಟ್ಟಿಯಾಗಿ ಹಿಡಿಯುತ್ತಾರೆ, ಇನ್ನೊಬ್ಬರು ಹೆಲ್ಮೆಟ್ಟಿನ ಎರಡೂ ಬದಿ ಅಗಲಿಸಿ ನಿಧಾನವಾಗಿ ಮೇಲಕ್ಕೆ ಎಳೆಯುತ್ತಾರೆ. ಆಮೇಲೆ ಎದೆಯ ನಡುವೆ ಒಂದು ಅಂಗೈಯ ಮೇಲೆ ಇನ್ನೊಂದಿಟ್ಟು, ಮೊಣಕೈ ಬಗ್ಗದಂತೆ, ಎದೆ ಐದಾರು ಸೆಂಟಿಮೀಟರ್ ತಗ್ಗುವಷ್ಟು ಜೋರಾಗಿ, ನಿಮಿಷಕ್ಕೆ 100ರಿಂದ 120 ಸಲದಂತೆ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಎರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು, ಅದಕ್ಕಿಂತ ಹೆಚ್ಚು ಹೊತ್ತು ಒಬ್ಬರೇ ಒತ್ತಿದರೆ ದಣಿದು ಒತ್ತು ಮೇಲುಮೇಲಾಗುತ್ತದೆ. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅಪಘಾತದ ಪೆಟ್ಟಿನಿಂದ ನಿಂತ ಹೃದಯ ಇದರಿಂದ ಮತ್ತೆ ಶುರುವಾಗುವುದು ಅಪರೂಪ. ಆದರೂ ಆಂಬುಲೆನ್ಸಿನವರು ಬಂದು ಕೈಗೆತ್ತಿಕೊಳ್ಳುವ ತನಕ ಬಿಡಬಾರದು. ನಿಂತದ್ದು ಪೆಟ್ಟಿನಿಂದಲೋ, ಪೆಟ್ಟಿಗೆ ಮುಂಚೆ ಬಂದ ಹೃದಯಾಘಾತದಿಂದಲೋ ಎಂದು ರಸ್ತೆಯಲ್ಲಿ ನಿಂತು ಹೇಳಲು ಯಾರಿಗೂ ಆಗದು.

ಮೂರನೆಯವರನ್ನು ಯಾರೂ ನೋಡಿಲ್ಲ. ಕಾರಿನಲ್ಲಿ ಸುಮ್ಮನೆ ಕೂತಿರುವ ಆ ತಾಯಿಗೆ ಹೊರಗೆ ಗಾಯವಿಲ್ಲ. ಮುಖ ಬಿಳಿಚಿದೆ, ಕೈ ತಣ್ಣಗೆ ಬೆವರಿದೆ, ನಾಡಿ ವೇಗವಾಗಿ ಮತ್ತು ಸಣ್ಣದಾಗಿ ಓಡುತ್ತಿದೆ, ‘ಏನಿಲ್ಲಪ್ಪಾ, ಸ್ವಲ್ಪ ನೀರು ಕೊಡಿ’ ಎನ್ನುತ್ತಿದ್ದಾರೆ. ಈ ಲಕ್ಷಣಗಳು ಹೊಟ್ಟೆಯೊಳಗೆ ರಕ್ತ ಸೋರುತ್ತಿರುವುದಕ್ಕೆ ಸೂಚನೆ. ಈ ಮೂವರಲ್ಲಿ ಶಸ್ತ್ರಚಿಕಿತ್ಸೆ ಬೇಗ ಬೇಕಾದವರು ಇವರೇ ಇರಬಹುದು. ಅವರನ್ನು ಅಂಗಾತ ಮಲಗಿಸಿ, ಶಾಲೋ ಕಂಬಳಿಯೋ ಹೊದಿಸಿ ಮೈ ಬೆಚ್ಚಗಿಡಬೇಕು. ಮೈ ತಣ್ಣಗಾದಷ್ಟೂ ರಕ್ತ ಹೆಪ್ಪುಗಟ್ಟುವುದು ಕುಗ್ಗುತ್ತದೆ. ಆಂಬುಲೆನ್ಸಿನವರು ಬಂದ ಕೂಡಲೇ ಇವರ ವಿಷಯ ಬಾಯಿ ಬಿಟ್ಟು ಹೇಳಬೇಕು.

ನೀರು ಕೇಳಿದರೆ ಕೊಡದೆ ಇರುವುದು ನಮ್ಮವರಿಗೆ ಕಷ್ಟ, ಪಾಪ ಎನಿಸುತ್ತದೆ. ಆದರೆ ಕೊಡಬಾರದು. ಅರೆಪ್ರಜ್ಞೆಯಲ್ಲಿ ಕುಡಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅರಿವಳಿಕೆ ಕೊಡುವಾಗ ವಾಂತಿಯಾಗಿ ಅದೇ ಅಪಾಯ ಇನ್ನೊಮ್ಮೆ ಎದುರಾಗುತ್ತದೆ. ಒದ್ದೆ ಬಟ್ಟೆಯಿಂದ ತುಟಿ ಒರೆಸಿದರೆ ಸಾಕು. ಸೋಡಾ, ಕಾಫಿ, ನೋವಿನ ಮಾತ್ರೆ ಯಾವುದೂ ಬೇಡ. ಫಿಟ್ಸ್ ಬಂದರೆ ಕೈಗೆ ಕಬ್ಬಿಣದ ಕೀಲಿ ಕೊಡುವುದರಿಂದ ಏನೂ ಆಗುವುದಿಲ್ಲ, ತಲೆ ನೆಲಕ್ಕೆ ಬಡಿಯದಂತೆ ನೋಡಿಕೊಂಡರೆ ಆಯಿತು.

ಹಾಗಾದರೆ ಸಿಕ್ಕ ಗಾಡಿಯಲ್ಲಿ ಸಾಗಿಸುವುದು ಯಾವಾಗ? ಬೆಂಕಿ ಹತ್ತಿದ್ದರೆ, ಗಾಡಿ ಹಳ್ಳಕ್ಕೆ ಜಾರುತ್ತಿದ್ದರೆ ಗಾಯಾಳುವನ್ನು ತಕ್ಷಣ ಎಳೆದು ದೂರ ಒಯ್ಯಬೇಕು, ಅಲ್ಲಿ ಬೇರೆ ಲೆಕ್ಕವಿಲ್ಲ. ಉಳಿದಂತೆ, ಆಂಬುಲೆನ್ಸ್ ಹತ್ತು ಹದಿನೈದು ನಿಮಿಷದಲ್ಲಿ ಬರುತ್ತದೆ ಎಂದಾದರೆ ಕಾಯುವುದೇ ಮೇಲು. ಮಲೆನಾಡಿನ ಘಾಟಿಯಲ್ಲೋ ದೂರದ ಹಳ್ಳಿ ರಸ್ತೆಯಲ್ಲೋ ಮುಕ್ಕಾಲು ಗಂಟೆ ಆಗುತ್ತದೆ ಎಂದು ತಿಳಿದರೆ ಸಾಗಿಸಲೇಬೇಕು. ಆಗಲೂ ಆಟೊದ ಸೀಟಿನಲ್ಲಿ ಮಡಚಿ ಕೂರಿಸಬಾರದು. ಗೂಡ್ಸ್ ಗಾಡಿಯ ಹಿಂದೆ ಹಲಗೆಯೋ ಬಾಗಿಲೋ ಹಾಕಿ, ಅದರ ಮೇಲೆ ನೆಟ್ಟಗೆ ಮಲಗಿಸಿ, ತಲೆಯ ಎರಡೂ ಪಕ್ಕ ಸುತ್ತಿದ ಬಟ್ಟೆ ಇಟ್ಟು, ಒಬ್ಬರು ತಲೆ ಹಿಡಿದುಕೊಂಡು ಕೂತರೆ ವಾಸಿ.

ಇಷ್ಟೆಲ್ಲ ಗೊತ್ತಿದ್ದೂ ಜನ ಹಿಂದೆ ಸರಿಯುತ್ತಿದ್ದುದಕ್ಕೆ ಒಂದು ಕಾರಣ ಭಯ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡು ತುಂಡಾದ ಯುವಕ ಹರೀಶ್ ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡರು. ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅದಾದ ಮರುತಿಂಗಳೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ತಂದು, ಅಪಘಾತವಾದ ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚ ಭರಿಸುವುದಾಗಿ ಹೇಳಿತು. ಅದೇ 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಅಪಘಾತದಲ್ಲಿ ನೆರವಾಗುವವರನ್ನು ರಕ್ಷಿಸುವ ಮಾರ್ಗಸೂಚಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. ಕರ್ನಾಟಕ ಇದಕ್ಕಾಗಿ ತನ್ನದೇ ಕಾಯ್ದೆ ರೂಪಿಸಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಂ ಪ್ರಕಾರ, ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ, ಗಾಯಾಳು ಸತ್ತರೂ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಕೇಸು ಹಾಕುವಂತಿಲ್ಲ. ಆಸ್ಪತ್ರೆಗೆ ತಲುಪಿಸಿದವರು ಹೆಸರು, ವಿಳಾಸ ಹೇಳಲೇಬೇಕು ಎಂಬ ಒತ್ತಾಯವಿಲ್ಲ. ಅವರನ್ನು ಕೂಡಿಸಿಕೊಳ್ಳುವಂತಿಲ್ಲ, ಅವರಿಂದ ಹಣ ಕಟ್ಟಿಸಿಕೊಳ್ಳುವಂತಿಲ್ಲ. ಸಾಕ್ಷಿ ಹೇಳುವುದೂ ಬಿಡುವುದೂ ಅವರ ಇಚ್ಛೆ. ಈ ವಿಷಯ ಹೆದ್ದಾರಿ ಬದಿಯ ಪ್ರತಿ ಅಂಗಡಿಯವರಿಗೂ ಗೊತ್ತಿರಬೇಕು.

ಡಿಕ್ಕಿ ಹೊಡೆದ ಚಾಲಕನ ಕರ್ತವ್ಯ ಬೇರೆ, ಅದು ಇಚ್ಛೆಯ ಮಾತಲ್ಲ. ಗಾಡಿ ನಿಲ್ಲಿಸಬೇಕು, ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡಬೇಕು, ಪೊಲೀಸರಿಗೆ ಬೇಗನೆ, ತಡವೆಂದರೆ 24 ಗಂಟೆಯೊಳಗೆ ತಿಳಿಸಬೇಕು, ವಿಮಾ ಕಂಪನಿಗೆ ಬರೆದು ತಿಳಿಸಬೇಕು. ಮಾಡದಿದ್ದರೆ ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜನ ಹೊಡೆಯಲು ಬಂದರೆ ಏನು ಮಾಡುವುದು ಎಂಬ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರವಿದೆ. ಗುಂಪಿನ ಆಕ್ರೋಶದಿಂದಾಗಿ ಅಲ್ಲಿ ನಿಂತು ನೆರವಾಗಲು ಸಾಧ್ಯವಿಲ್ಲದಿದ್ದರೆ ಆ ಕರ್ತವ್ಯಕ್ಕೆ ವಿನಾಯಿತಿ ಇದೆ. ಆಗ ದಾರಿಯಲ್ಲೇ 112ಕ್ಕೆ ಫೋನ್ ಮಾಡುತ್ತಾ ನೇರ ಹತ್ತಿರದ ಠಾಣೆಗೆ ಹೋಗಬೇಕು. ಠಾಣೆಗೆ ಹೋದವನಿಗೂ ಓಡಿಹೋದವನಿಗೂ ಇರುವ ವ್ಯತ್ಯಾಸ ಮುಂದೆ ನ್ಯಾಯಾಲಯದಲ್ಲಿ ಕಾಣುತ್ತದೆ.

ವಿವರ ಬದಲಾಯಿಸಿಕೊಳ್ಳುವ ಕೆಲಸ ಗಾಯಾಳುಗಳು ಹೊರಟ ಮೇಲೆ. ಎದುರಿನವರು ಕೇಳಿದರೆ ಚಾಲಕ ತನ್ನ ಹೆಸರು, ವಿಳಾಸ ಮತ್ತು ಗಾಡಿ ಮಾಲೀಕರ ಹೆಸರು, ವಿಳಾಸ ಹೇಳಲೇಬೇಕು, ಕೇಳಿದವರೂ ತಮ್ಮದನ್ನು ಕೊಡಬೇಕು. ಇದರ ಜೊತೆಗೆ ಫೋನ್ ನಂಬರು, ಗಾಡಿಯ ನಂಬರು, ಡಿಎಲ್, ಆರ್‌ಸಿ, ವಿಮಾ ಕಂಪನಿಯ ಹೆಸರು, ಪಾಲಿಸಿ ನಂಬರು ಮತ್ತು ಅದು ಮುಗಿಯುವ ದಿನಾಂಕ ಬೇಕು. ಬಾಯಲ್ಲಿ ಹೇಳಿದ್ದನ್ನು ಬರೆದುಕೊಳ್ಳುವುದಕ್ಕಿಂತ ಕಾಗದಗಳ, ಅಥವಾ ಡಿಜಿಲಾಕರ್ ತೆರೆದು ತೋರಿಸಿದರೆ ಆ ಪರದೆಯ ಫೋಟೊ ತೆಗೆದುಕೊಳ್ಳುವುದು ಒಳ್ಳೆಯದು. ಫೋನ್ ನಂಬರಿಗೆ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಟ್ಟು ನೋಡಬೇಕು.

ಸ್ಥಳದ ಫೋಟೊದಲ್ಲಿ ಜನ ಮಾಡುವ ತಪ್ಪು, ನುಜ್ಜಾದ ಬಂಪರನ್ನು ಮಾತ್ರ ಹತ್ತಿರದಿಂದ ತೆಗೆಯುವುದು. ಮುಂದೆ ತಕರಾರು ಬರುವುದು ಯಾರು ಯಾವ ಲೇನಿನಲ್ಲಿದ್ದರು ಎಂಬುದರ ಬಗ್ಗೆ. ಅದಕ್ಕಾಗಿ ಇಪ್ಪತ್ತು ಹೆಜ್ಜೆ ದೂರದಿಂದ, ನಾಲ್ಕೂ ದಿಕ್ಕಿನಿಂದ, ಎರಡೂ ಗಾಡಿ ಮತ್ತು ರಸ್ತೆಯ ಬಿಳಿ ಗೆರೆ, ಡಿವೈಡರ್ ತೆರಪು ಎಲ್ಲ ಕಾಣುವಂತೆ ಒಂದೊಂದು ಫೋಟೊ ಬೇಕು. ಆಮೇಲೆ ಟೈರ್ ಉಜ್ಜಿದ ಗುರುತು, ಗಾಜಿನ ಚೂರು ಬಿದ್ದ ಜಾಗ, ನಂಬರ್ ಪ್ಲೇಟು, ಪೆಟ್ಟಾದ ಭಾಗ. ಗಾಯಾಳುಗಳ ಮುಖ ಮಾತ್ರ ಬೇಡ, ಅದನ್ನು ವಾಟ್ಸ್‌ಆ್ಯಪಿನಲ್ಲಿ ಹರಡುವುದಂತೂ ಅಮಾನುಷ. ಯಾರಿಗೂ ಗಾಯವಾಗದ ಸಣ್ಣ ಡಿಕ್ಕಿಯಾದರೆ ಫೋಟೊ ತೆಗೆದ ತಕ್ಷಣ ಗಾಡಿಗಳನ್ನು ಬದಿಗೆ ಹಾಕಬೇಕು. ಸಾವೋ ದೊಡ್ಡ ಗಾಯವೋ ಆಗಿದ್ದರೆ ಪೊಲೀಸರು ಬಂದು ಸ್ಥಳ ಮಹಜರು ಮಾಡುವವರೆಗೆ ಗಾಡಿ ಕದಲಿಸಬಾರದು. ಗಾಯಾಳುವನ್ನು ತೆಗೆಯಲು ಕದಲಿಸಲೇಬೇಕಾದರೆ ಚಕ್ರವಿದ್ದ ಜಾಗವನ್ನು ಇಟ್ಟಿಗೆ ಚೂರಿನಿಂದಾದರೂ ಗುರುತು ಮಾಡಬೇಕು.

ತಪ್ಪು ಯಾರದು ಎಂಬ ಜಗಳವನ್ನು ಅಲ್ಲಿ ತೀರಿಸಲು ಹೋಗಬಾರದು, ಖಾಲಿ ಕಾಗದಕ್ಕೆ ಸಹಿ ಹಾಕಬಾರದು. ಇದಕ್ಕಿಂತ ಹೆಚ್ಚು ನಷ್ಟ ತರುವುದು ‘ಕೇಸು ಬೇಡ, ಐದು ಸಾವಿರ ಇಟ್ಕೊಳ್ಳಿ’ ಎಂಬ ರಾಜಿ. ಬಂಪರ್ ಸೊಟ್ಟಗಾದ ಮಟ್ಟಿಗೆ ಅದು ನಡೆದೀತು. ಮೈಗೆ ಪೆಟ್ಟು ಬಿದ್ದಿದ್ದರೆ ಒಪ್ಪಲೇಬಾರದು. ಆ ದಿನ ಸಣ್ಣ ತಲೆನೋವಾಗಿದ್ದದ್ದು ಎರಡನೇ ದಿನಕ್ಕೆ ಮೆದುಳಿನ ರಕ್ತಸ್ರಾವವಾಗಿ ಕಾಣಿಸಿಕೊಳ್ಳಬಹುದು. ಆಗ ಎಫ್‌ಐಆರ್ ಇಲ್ಲ, ಆಸ್ಪತ್ರೆಯ ದಾಖಲೆಯಲ್ಲಿ ಅಪಘಾತ ಎಂಬ ಮಾತಿಲ್ಲ, ವಿಮೆಯ ಪರಿಹಾರವೂ ಇಲ್ಲ.

ಆಸ್ಪತ್ರೆಯಲ್ಲಿ ‘ಮೊದಲು ಅಡ್ವಾನ್ಸ್ ಕಟ್ಟಿ’ ಅಥವಾ ‘ಪೊಲೀಸರು ಬರಲಿ’ ಎಂದರೆ ಒಪ್ಪಬೇಕಾಗಿಲ್ಲ. ಕಾನೂನಿನ ವಿಧಿವಿಧಾನಕ್ಕಾಗಿ ಕಾಯದೆ ಮೊದಲು ಜೀವ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ, ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ರಸ್ತೆ ಅಪಘಾತದ ಪ್ರತಿ ಗಾಯಾಳುವಿಗೆ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮೀರದಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಸಿಗುತ್ತದೆ. ಬೇರೆ ಆಸ್ಪತ್ರೆಗೆ ಹೋದರೆ ಸ್ಥಿತಿ ಸುಧಾರಿಸುವ ಮಟ್ಟಿನ ಚಿಕಿತ್ಸೆ ಮಾತ್ರ ಇದರಡಿ ಬರುತ್ತದೆ. ದಾಖಲು ಮಾಡುವಾಗಲೇ ಈ ಯೋಜನೆಯ ಹೆಸರು ಎತ್ತಿ ಕೇಳಬೇಕು.

ಮನೆಯವರು ಮೊದಲ ವಾರದಲ್ಲೇ ಠಾಣೆಯಿಂದ ಎಫ್‌ಐಆರ್ ಪ್ರತಿ, ಆಸ್ಪತ್ರೆಯಿಂದ ವೂಂಡ್ ಸರ್ಟಿಫಿಕೇಟ್, ಔಷಧಿಯ ಪ್ರತಿ ಬಿಲ್ಲು, ಇವನ್ನು ಒಂದು ಫೈಲಿಗೆ ಹಾಕಿಡಲಿ. ಪರಿಹಾರದ ಅರ್ಜಿಗೆ ಕಾಯ್ದೆ ಆರು ತಿಂಗಳ ಗಡುವು ಇಟ್ಟಿರುವುದರಿಂದ ಅದರೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹಾಕಿಬಿಡುವುದು ಕ್ಷೇಮ. ಗುದ್ದಿದ ಗಾಡಿ ಯಾವುದೆಂದೇ ತಿಳಿಯದೆ ಹೋದರೂ ಕೈಚೆಲ್ಲಬೇಕಾಗಿಲ್ಲ. ಅಂಥ ಅಪಘಾತದಲ್ಲಿ ಸತ್ತವರ ಕುಟುಂಬಕ್ಕೆ ಎರಡು ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ 50,000 ರೂಪಾಯಿ ಪರಿಹಾರ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದಕ್ಕೆ ಅರ್ಜಿ ಕೊಡಬೇಕಾದದ್ದು ಅಪಘಾತ ನಡೆದ ಪ್ರದೇಶದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ.